ತೇರಿನ ಸಂಚಿಕೆಗೆ ಶರ ಷಟ್ಪದಿ ಕಟ್ಟುವುದು ಹೇಗೆ?

ಹುಬ್ಬಳ್ಳಿಯಲ್ಲಿ ಮಹಾಶಿವರಾತ್ರಿಯ ಮರುದಿನ ಸಿದ್ಧಾರೂಢಜ್ಜನ ತೇರು. ಅಂಥ ಜಾತ್ರೆಯ ಸ್ಮರಣ ಸಂಚಿಕೆಗೆ ಒಂದು ಪದ್ಯ ಬೇಕಾದರೆ ಶರ ಷಟ್ಪದಿ ಹಿಡಿಯಿರಿ. ಗದುಗಿನ ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ ಮೂರು, ನಾಲ್ಕು ಮಾತ್ರೆಯ ಗಣಗಳು, ಅಂದರೆ ಅಕ್ಷರದ ಗುಂಪುಗಳು, ಒಂದಾದ ಮೇಲೆ ಒಂದು ಬರುತ್ತವೆ. ಮೊದಲ ಸಲ ಬರೆಯುವವರಿಗೆ ಅದು ಕಷ್ಟ. ಶರದಲ್ಲಿ ಬರೀ ನಾಲ್ಕರ ಗಣ. ಹಗ್ಗ ಎಳೆಯುವವರ ಹೆಜ್ಜೆಗೂ ಸರಿಯಾಗಿ ಕೂರುತ್ತದೆ.

ಮೊದಲು ಮಾತ್ರೆ ಎಣಿಸಲು ಕಲಿಯಿರಿ. ಹ್ರಸ್ವ ಅಕ್ಷರಕ್ಕೆ 1. ದೀರ್ಘಕ್ಕೆ, ಸೊನ್ನೆ ಇರುವ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ 2. ಆರು ಸಾಲುಗಳಲ್ಲಿ 1, 2, 4, 5ನೇ ಸಾಲಿಗೆ ನಾಲ್ಕು ಮಾತ್ರೆಯ ಎರಡು ಗಣ. 3 ಮತ್ತು 6ನೇ ಸಾಲಿಗೆ ಅಂಥ ಮೂರು ಗಣ, ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ. ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ಅದು ಆದಿಪ್ರಾಸ.

ಪ್ರಾಸವನ್ನು ದೇವರ ಹೆಸರಿನಿಂದಲೇ ಆರಿಸಿಕೊಳ್ಳಿ. 'ಆರೂಢಜ್ಜನೆ' ಅಂದರೆ ಆರೂ, ಢಜ್ಜನೆ: ನಾಲ್ಕು, ನಾಲ್ಕು. ಎರಡನೇ ಅಕ್ಷರ 'ರ'ಕಾರ. ತೇರು, ಊರು, ತೂರು, ಬಾರೈ ಎಲ್ಲ ತಾವಾಗಿಯೇ ಬಂದು ಸೇರುತ್ತವೆ. ಆಮೇಲೆ ಕಣ್ಣಿಗೆ ಕಾಣುವ ಒಂದು ನೋಟ ಹುಡುಕಿ. ಭಕ್ತಿಸಾಗರ, ಕರುಣಾಸಿಂಧು ಎಲ್ಲ ಸಂಚಿಕೆಯಲ್ಲೂ ಇರುತ್ತವೆ. ತೇರಿಗೆ ಉತ್ತತ್ತಿ ಎಸೆಯುವುದು ನಮ್ಮ ಕಡೆಯ ಜಾತ್ರೆಯದೇ ನೋಟ, ಅಲ್ವಾ?

ನಾನು ಮೊದಲು ಬರೆದದ್ದು 'ತೇರಿನ ಕಳಸಕ್ಕೆ'. ಎಣಿಸಿದರೆ ಒಂಬತ್ತು. ಒತ್ತು ಬಿಟ್ಟು 'ಕಳಸಕೆ' ಅಂದ ಕೂಡಲೇ ಎಂಟಾಯಿತು. ಎರಡನೇ ಸಾಲು 'ಊರು ಸೇರಿತೈ'. ಇದು ಎಂಟೇ, ಪ್ರಾಸವೂ ಇದೆ. ಆದರೂ ಹಾಡುವಾಗ ಎಡವುತ್ತದೆ. ಯಾಕೆಂದರೆ 'ಊರು' ಮೂರು ಮಾತ್ರೆ. ನಾಲ್ಕನೆಯದು 'ಸೇ'ಯ ಅರ್ಧಕ್ಕೆ ಮುಗಿಯುತ್ತದೆ. ಇಂಥ ತಪ್ಪು ಎಣಿಕೆಯಲ್ಲಿ ಸಿಗುವುದಿಲ್ಲ. ನಾಲ್ಕು ಮಾತ್ರೆಗೊಮ್ಮೆ ಚಪ್ಪಾಳೆ ತಟ್ಟಿ ಓದಿ. ಚಪ್ಪಾಳೆ ಅಕ್ಷರದ ಶುರುವಿಗೇ ಬೀಳಬೇಕು. ನಡುವೆ ಬಿದ್ದರೆ ಗಣ ಒಡೆದಿದೆ. ತಿದ್ದಿದ ಮೇಲೆ ಪದ್ಯ ಹೀಗಾಯಿತು:

ತೇರಿನ ಕಳಸಕೆ
ಊರಿನ ಮಂದಿಯು
  ತೂರುತ ನಿಂತರು ಉತ್ತತ್ತೀ
ಬಾರೈ ಗುರುವೇ
ಆರೂಢಜ್ಜನೆ
  ತೋರೈ ನಮಗೂ ನಿನ ಮೂರ್ತೀ

ಮೂರನೇ ಸಾಲು ತೂರುತ, ನಿಂತರು, ಉತ್ತತ್, ತೀ. ನಾಲ್ಕು, ನಾಲ್ಕು, ನಾಲ್ಕು, ಗುರು. 'ಉತ್ತತ್ತಿ'ಯ ಕೊನೆಯನ್ನು ಎಳೆದದ್ದು ಆ ಗುರುವಿಗಾಗಿ. ಆರನೇ ಸಾಲಿನ 'ಮೂರ್ತೀ'ಯೂ ಹಾಗೆಯೇ.

ಇನ್ನು ಅಚ್ಚಿನ ಕೆಲಸ. ಒಮ್ಮೆ ನನ್ನ ಪದ್ಯವನ್ನು ಜಾಗ ಉಳಿಸಲು ಗದ್ಯದಂತೆ ಒಂದೇ ಸಮ ಸೇರಿಸಿಬಿಟ್ಟಿದ್ದರು. ಲಯವೇ ಹೋಯಿತು, ತುಂಬಾ ನೋವಾಯಿತು. ಹಾಗಾಗಿ ಸಾಲು ಒಡೆಯುವ ಜಾಗ ಗುರುತು ಮಾಡಿ ಕೊಡಿ. 3 ಮತ್ತು 6ನೇ ಸಾಲು ಸ್ವಲ್ಪ ಒಳಗಿನಿಂದ ಶುರುವಾಗಲಿ. ಅಕ್ಷರದ ಫಾಂಟ್ ಬದಲಿಸುವಾಗ ಒತ್ತು ಬಿದ್ದುಹೋಗುವುದುಂಟು. 'ಹಗ್ಗ' 'ಹಗ' ಆದರೆ ಒಂದು ಮಾತ್ರೆ ಕಡಿಮೆ. ಕರಡು ಪ್ರತಿ ಕೈಗೆ ಬಂದಾಗ ಸುಮ್ನೆ ಕಣ್ಣಾಡಿಸಬೇಡಿ, ಮತ್ತೊಮ್ಮೆ ಚಪ್ಪಾಳೆ ತಟ್ಟಿಯೇ ಓದಿ.