16 ತಿಂಗಳಾಯ್ತು, ಜೇನುಪೆಟ್ಟಿಗೆಯ ಕಾಯಿನ್ ಸೆಲ್ ಇನ್ನೂ ಬದಲಾಯಿಸಿಲ್ಲ

ಶಿರಸಿ ಹತ್ರ ನಮ್ಮ ತೋಟದಲ್ಲಿ ಜೇನುಪೆಟ್ಟಿಗೆ ಒಳಗೆ ಟೆಂಪರೇಚರ್ ಲಾಗರ್ ಇಡ್ತೀನಿ, ಒಂದು ಸಿಆರ್2032 ಮೇಲೆ ವರ್ಷ ಓಡುತ್ತೆ ಅಂದಾಗ ಭಾವ ನಕ್ಕಿದ್ರು. "ತಮಾ, ಅದು ವಾಚಿನ ಸೆಲ್ಲು, ವಾರ ಬಂದ್ರೆ ದೊಡ್ದು" ಅಂತ. ಅವರ ತಪ್ಪೇನಿಲ್ಲ, ನನ್ನ ಮೊದಲ ಲಾಗರ್ 9 ವೋಲ್ಟ್ ಬ್ಯಾಟರಿ ಹಾಕಿದ್ರೆ ಮರುದಿನ ಹಾಲು ಕರೆಯೋ ಹೊತ್ತಿಗೆ ಸತ್ತಿರ್ತಿತ್ತು. ರೆಡಿ ಬೋರ್ಡು, 5 ವೋಲ್ಟು, 16 ಮೆಗಾಹರ್ಟ್ಜ್, 20 ಮಿಲಿಆಂಪ್ ಮೇಲೇ ಎಳೀತಿತ್ತು. ಹಾಗೆ ಹತ್ತು ಹನ್ನೆರಡು ಬ್ಯಾಟರಿ ಹಾಳು ಮಾಡಿದ್ದೀನಿ, ನಾನೂರು ಐನೂರು ರೂಪಾಯಿ ಅಲ್ಲೇ ಹೋಯ್ತು.

ಬೋರ್ಡು ಬಿಟ್ಟು ಬರೀ ಎಟಿಮೆಗಾ 328ಪಿ ಚಿಪ್ಪು, ಒಳಗಿನ ಆಸಿಲೇಟರು, ಎರಡು 10ಕೆ ಥರ್ಮಿಸ್ಟರು, ರೀಡಿಂಗ್ ಬರೆದಿಡೋಕೆ ಒಂದು ಇಇಪ್ರಾಮ್, ಇಷ್ಟಕ್ಕೆ ಇಳಿದೆ. ಇಇಪ್ರಾಮ್ 24ಎಲ್‌ಸಿ256 ತಗೋಬೇಡಿ, ಅದು 2.5 ವೋಲ್ಟಿಗೇ ನಿಂತ್ಕೊಳ್ಳುತ್ತೆ, 24ಎಎ256 ತಗೊಳ್ಳಿ, 1.7 ತನಕ ಬರುತ್ತೆ. ನನ್ನ ಹತ್ರ ಎಲ್‌ಸಿ ನಾಲ್ಕು ಪೀಸು ಇನ್ನೂ ಡಬ್ಬಿಲಿ ಬಿದ್ದಿವೆ, ಬೇಕಾದ್ರೆ ಹೇಳಿ.

ಆಮೇಲೆ ಮಾಡಿದ್ದು ಎಲ್ಲರೂ ಮಾಡೋ ದಡ್ಡತನ, ಕ್ಲಾಕ್ ಇಳಿಸೋದು. 8 ಮೆಗಾಹರ್ಟ್ಜ್‌ಗೆ 3 ಮಿಲಿಆಂಪ್ ಆದ್ರೆ 1ಕ್ಕೆ ಅರ್ಧ ಮಿಲಿ ಚಿಲ್ಲರೆ, ಮೀಟರ್ ನೋಡಿ ಗೆದ್ದೆ ಅನ್ಕೊಂಡೆ. ಆದ್ರೆ ಅದೇ ಲೆಕ್ಕ ಮುಗಿಸೋಕೆ 40 ಮಿಲಿಸೆಕೆಂಡ್ ಬದಲು 300ರ ಮೇಲೆ ಆಯ್ತು, ಗುಣಿಸಿ ನೋಡಿದ್ರೆ ಒಂದು ರೀಡಿಂಗಿಗೆ ಖರ್ಚಾದ ಚಾರ್ಜ್ ಮೊದಲಿಗಿಂತ ಹೆಚ್ಚುಕಮ್ಮಿ ಒಂದೂವರೆ ಪಟ್ಟು. ಗೇಟು ಒಂದು ಸಲ ಮೇಲೆ ಕೆಳಗೆ ಆಗೋಕೆ ತಿನ್ನೋ ಎನರ್ಜಿ CV², C ಅಂದ್ರೆ ಗೇಟಿನ ಕೆಪಾಸಿಟೆನ್ಸು, V ಸಪ್ಲೈ ವೋಲ್ಟು, ಅದರಲ್ಲಿ ಫ್ರೀಕ್ವೆನ್ಸಿ f ಇಲ್ವೇ ಇಲ್ಲ. ನಿಧಾನ ಮಾಡಿದ್ರೆ ಒಂದು ಕ್ಷಣದ ಖರ್ಚು ಕಮ್ಮಿ ಕಾಣುತ್ತೆ, ಒಟ್ಟು ಕೆಲಸದ ಖರ್ಚು ಅಷ್ಟೇ. ಅದರ ಮೇಲೆ ಎದ್ದಿರೋವಷ್ಟು ಹೊತ್ತೂ ಸುಮ್ನೆ ತಿನ್ನೋ ಆಸಿಲೇಟರು, ಎಡಿಸಿ ಇವೆಲ್ಲ ಬೇರೆ. ಬೇಗ ಕೆಲಸ ಮುಗಿಸಿ ಮಲಗೋದೇ ಲಾಭ.

ನಂಬಿಕೆ ಬರ್ಲಿಲ್ಲ ಅಂತ ಎರಡು ದಿನ ಲಾಗರ್ ಬದಿಗಿಟ್ಟು ಆರು ಇನ್ವರ್ಟರ್ ಗೇಟಿರೋ ಒಂದು 74ಎಚ್‌ಸಿ04 ತಗೊಂಡು ಕೂತೆ. ಒಂದೇ ಗೇಟಿಗೆ ಸ್ಕ್ವೇರ್ ವೇವ್ ಕೊಟ್ಟು, ಸಪ್ಲೈ ಲೈನಲ್ಲಿ 1ಕೆ ರೆಸಿಸ್ಟರ್ ಹಾಕಿ ಅದರ ಮೇಲಿನ ವೋಲ್ಟೇಜ್ ಅಳೆಯೋದು, ಅಷ್ಟೇ. ಮೊದಲ ದಿನ ರೀಡಿಂಗ್ ಹುಚ್ಚುಹುಚ್ಚಾಗಿ ಕುಣೀತಿತ್ತು, ಮಿಲಿಆಂಪ್‌ಗಟ್ಟಲೆ. ಉಳಿದ ಐದು ಗೇಟಿನ ಇನ್‌ಪುಟ್ ಗಾಳಿಲಿ ಬಿಟ್ಟಿದ್ದೆ. ಇನ್‌ಪುಟ್ ನಡುಮಧ್ಯದ ವೋಲ್ಟೇಜಲ್ಲಿ ತೂಗಾಡ್ತಾ ಇದ್ರೆ ಮೇಲಿನ ಪಿ ಕೆಳಗಿನ ಎನ್ ಟ್ರಾನ್ಸಿಸ್ಟರು ಎರಡೂ ಅರ್ಧ ಆನ್, ಸಪ್ಲೈಯಿಂದ ಗ್ರೌಂಡಿಗೆ ನೇರ ದಾರಿ. ಐದನ್ನೂ ಗ್ರೌಂಡಿಗೆ ಕಟ್ಟಿದ ಮೇಲೆ ಶಾಂತ ಆಯ್ತು: 5 ವೋಲ್ಟಿಗೆ 1 ಮೆಗಾಹರ್ಟ್ಜ್ ಕೊಟ್ರೆ 0.1 ಮಿಲಿಆಂಪ್ ಆಸುಪಾಸು, 2 ಮೆಗಾಹರ್ಟ್ಜ್ ಕೊಟ್ರೆ ಸರಿಯಾಗಿ ಎರಡು ಪಟ್ಟು. 2.5 ವೋಲ್ಟಿಗೆ ಇಳಿಸಿದ್ರೆ (ಇನ್‌ಪುಟ್ ಅಲೆಯನ್ನೂ ಅಷ್ಟಕ್ಕೇ ಇಳಿಸ್ಬೇಕು, ಮರೀಬೇಡಿ) ಕರೆಂಟು ಅರ್ಧ ಮಾತ್ರ. V²ನ ಸ್ಕ್ವೇರು ಎಲ್ಲಿ ಹೋಯ್ತಪ್ಪ ಅಂತ ಅರ್ಧ ಗಂಟೆ ತಲೆ ಕೆರ್ಕೊಂಡೆ, ಆಮೇಲೆ ಹೊಳೀತು, ಕರೆಂಟೂ ಅರ್ಧ ವೋಲ್ಟೂ ಅರ್ಧ, ಪವರ್ ಕಾಲು ಭಾಗ ಆಗಿದೆ.

ಇದರಿಂದಲೇ ಇನ್ನೊಂದು ಗೊತ್ತಾಯ್ತು. 9 ವೋಲ್ಟ್ ಬ್ಯಾಟರಿಗೆ ಲೀನಿಯರ್ ರೆಗ್ಯುಲೇಟರ್ ಹಾಕಿ ಚಿಪ್ಪಿಗೆ ಕಮ್ಮಿ ವೋಲ್ಟು ಕೊಟ್ರೆ ಬ್ಯಾಟರಿಗೆ ಕಾಣೋದು ಕರೆಂಟು ಮಾತ್ರ, ಉಳಿಸಿದ ವೋಲ್ಟೆಲ್ಲ ರೆಗ್ಯುಲೇಟರಲ್ಲಿ ಬಿಸಿಯಾಗಿ ಹೋಗುತ್ತೆ. ಸ್ಕ್ವೇರಿನ ಪೂರ್ತಿ ಲಾಭ ಬೇಕಂದ್ರೆ ಸೆಲ್ಲೇ ಕಮ್ಮಿ ವೋಲ್ಟಿಂದಾಗಿರ್ಬೇಕು, ಮಧ್ಯೆ ಏನೂ ಇರಬಾರ್ದು. ಹಂಗಾಗಿ 3 ವೋಲ್ಟಿನ ಕಾಯಿನ್ ಸೆಲ್ ನೇರ ಚಿಪ್ಪಿಗೆ.

ಈಗ ಫ್ರೀಕ್ವೆನ್ಸಿ ತಿರುಗಿ ಬಂತು, ಬೇರೆ ಬಾಗಿಲಿಂದ. ವೋಲ್ಟು ಇಳಿದಂಗೆ ಗೇಟು ನಿಧಾನ ಆಗ್ತಾವೆ. ಈ ಚಿಪ್ಪಿಗೆ 2.7 ವೋಲ್ಟಲ್ಲಿ 10 ಮೆಗಾಹರ್ಟ್ಜ್, 1.8ರಲ್ಲಿ 4, ನಡುವೆ ನೇರ ಗೆರೆ, ಅಂದ್ರೆ 8 ಮೆಗಾಹರ್ಟ್ಜ್‌ಗೆ 2.4 ವೋಲ್ಟೇ ಗಡಿ. ಸೆಲ್ ಹಳೇದಾಗಿ, ಇಇಪ್ರಾಮಿಗೆ ಬರೆಯೋ ಹೊತ್ತಿಗೆ ವೋಲ್ಟು ಕುಸಿದ್ರೆ ಆ ಗೆರೆ ದಾಟ್ತೀವಿ, ಚಿಪ್ಪು ಸಾಯಲ್ಲ, ಸುಳ್ಳು ಹೇಳುತ್ತೆ. ನನ್ನ ಫೈಲಲ್ಲಿ ಜೇನು 71 ಡಿಗ್ರಿಲಿ ಬದುಕಿತ್ತು! ಅದಕ್ಕೆ 4ಕ್ಕೆ ಇಟ್ಟೆ. ಕ್ಲಾಕನ್ನ ಎಂಟರಿಂದ ಭಾಗಿಸೋ CKDIV8 ಫ್ಯೂಸ್ ಹಂಗೇ ಬಿಟ್ಟು 1ರಲ್ಲಿ ಶುರು ಮಾಡಿ, ಆಮೇಲೆ ಕೋಡಲ್ಲಿ 4ಕ್ಕೆ ಏರ್ಸಿ. ವೋಲ್ಟು ಕುಸಿದ್ರೆ ಚಿಪ್ಪನ್ನ ರೀಸೆಟ್ ಮಾಡೋ ಬ್ರೌನ್‌ಔಟ್ ಗಡಿ 2.7ರಿಂದ 1.8ಕ್ಕೆ ಇಳ್ಸಿ, ಇಲ್ಲಾಂದ್ರೆ ಸೆಲ್ಲಲ್ಲಿ ಇನ್ನೂ ಚಾರ್ಜ್ ಉಳಿದಿರುವಾಗ್ಲೇ ರೀಸೆಟ್ ಆಗ್ತಾ ಕೂರುತ್ತೆ.

ಇಷ್ಟೆಲ್ಲ ಮಾಡಿ ಲೆಕ್ಕ ಹಾಕಿದ್ರೆ ನಗು ಬರ್ಬೇಕು. 10 ನಿಮಿಷಕ್ಕೊಂದು ರೀಡಿಂಗು, 2 ಮಿಲಿಆಂಪ್, 50 ಮಿಲಿಸೆಕೆಂಡ್ ಅಂತ ಇಟ್ಕೊಳ್ಳಿ, ಸರಾಸರಿ 0.2 ಮೈಕ್ರೋಆಂಪ್ ಕೂಡ ಇಲ್ಲ. ನಾನು ಮೂರು ವಾರ ಗುದ್ದಾಡಿದ್ದು ಸಾಸಿವೆ ಕಾಳಿನ ಜೊತೆ. ಕುಂಬಳಕಾಯಿ ಇದ್ದಿದ್ದು ನಿದ್ದೆಲಿ, ಮಲಗಿದಾಗ ಚಿಪ್ಪು ಕೆಲವು ನೂರು ಮೈಕ್ರೋಆಂಪ್ ತಿಂತಿತ್ತು.

ಎಡಿಸಿ ಆಫ್ ಮಾಡದೆ ಮಲಗಿಸಿದ್ದು ಒಂದು, ಬ್ರೌನ್‌ಔಟ್ ಇಪ್ಪತ್ತು ಮೈಕ್ರೋ ಇನ್ನೊಂದು. ಅವೆರಡೂ ಸುಲಭ:

```c
ADCSRA = 0;
set_sleep_mode(SLEEP_MODE_PWR_DOWN);
cli();
sleep_enable();
sleep_bod_disable();
sei();
sleep_cpu();
```

ಆದ್ರೂ ಇಳೀಲಿಲ್ಲ, ಒಮ್ಮೆ 40, ಒಮ್ಮೆ 200. ಮೀಟರ್ ನೋಡ್ತಾ ಕೈ ಚಾಚಿದ್ರೆ ರೀಡಿಂಗ್ ಬದಲಾಗ್ತಿತ್ತು, ಬೋರ್ಡ್ ಮುಟ್ಟೋದೂ ಬೇಡ. ಕೈಗೆ ಹೆದರೋ ಕರೆಂಟು ಅಂದ್ರೆ ಫ್ಲೋಟಿಂಗ್ ಪಿನ್ನೇ. ಆದ್ರೆ ಈ ಚಿಪ್ಪು ಪವರ್‌ಡೌನಲ್ಲಿ ಸಾಮಾನ್ಯ ಪಿನ್ನಿನ ಇನ್‌ಪುಟ್ ತಾನೇ ಬಂದ್ ಮಾಡುತ್ತಲ್ಲ? ಮಾಡುತ್ತೆ, ಇಂಟರಪ್ಟ್ ಪಿನ್ ಬಿಟ್ಟು. ಡೇಟಾ ತೆಗೆಯೋ ಬಟನ್‌ಗೆ ಐಎನ್‌ಟಿ0 ಕೊಟ್ಟಿದ್ದೆ, ಉಳಿತಾಯ ಅಂತ ಅದರ ಪುಲ್‌ಅಪ್ಪು ಕಿತ್ತುಹಾಕಿದ್ದೆ. ಬಟನ್ ಒತ್ತದೇ ಇದ್ದಾಗ ಪುಲ್‌ಅಪ್ಪಲ್ಲಿ ಕರೆಂಟೇ ಹರಿಯಲ್ಲ ಅನ್ನೋ ಪಿಯುಸಿ ಪಾಠ ಮರೆತು. ಪುಲ್‌ಅಪ್ ವಾಪಸ್ ಹಾಕಿದೆ, ಐದಾರು ಮೈಕ್ರೋಗೆ ಬಿತ್ತು. ಅದರಲ್ಲಿ ನಾಲ್ಕು ಚಿಪ್ಪನ್ನ ಎಬ್ಬಿಸೋ ವಾಚ್‌ಡಾಗ್ ಟೈಮರಿಂದು.

ಅಂದಹಾಗೆ ಈ ಐದು ಮೈಕ್ರೋ ಮೀಟರಿನ ಮೈಕ್ರೋ ರೇಂಜಲ್ಲಿ ನೋಡೋಕೆ ಹೋದ್ರೆ ಚಿಪ್ಪು ಎದ್ದ ತಕ್ಷಣ ಮೀಟರೇ ವೋಲ್ಟ್ ನುಂಗಿ ರೀಸೆಟ್ ಮಾಡ್ಸುತ್ತೆ. ನಾನು 1ಕೆ ಹಾಕಿ, ಏಳೋ ಹೊತ್ತಿಗೆ ಅದಕ್ಕೆ ಅಡ್ಡ ವೈರ್ ಮುಟ್ಟಿಸಿ ದಾಟ್ಸಿದೆ, 5 ಮಿಲಿವೋಲ್ಟ್ ಅಂದ್ರೆ 5 ಮೈಕ್ರೋ.

ಕೊನೇಗೆ ಹೆಂಡತಿ ಹೇರ್ ಡ್ರೈಯರ್ ತಂದು ಊದಿದೆ. ಲೀಕೇಜು ಹತ್ತು ಡಿಗ್ರಿಗೆ ಸುಮಾರು ಎರಡು ಪಟ್ಟು ಅಂತಾರೆ, ಅದಕ್ಕೆ ಕ್ಲಾಕ್ ನಿಂತಿದ್ದರೂ ಓಡಿದ್ದರೂ ಒಂದೇ. ಕೈ ಸುಡೋವಷ್ಟು ಬಿಸಿ ಮಾಡಿದಾಗ 6 ಇದ್ದಿದ್ದು 8ರ ಹತ್ರ ಹೋಯ್ತು. ಮೊಟ್ಟೆ ಮರಿ ಇರೋ ಎರಿಯ ಹತ್ರ ಹೆಚ್ಚಂದ್ರೆ 35 ಡಿಗ್ರಿ, ಚಿಂತೆ ಇಲ್ಲ ಅಂತ ಬಿಟ್ಟೆ. ಚಿಪ್ಪಿಗಿಂತ ದೊಡ್ಡ ಸೋರಿಕೆ ಸಿಕ್ಕಿದ್ದು ಸೆಲ್ಲಿಗೆ ಆಸರೆಯಾಗಿ ಹಾಕಿದ್ದ ಅಗ್ಗದ ಎಲೆಕ್ಟ್ರೋಲಿಟಿಕ್ ಕೆಪಾಸಿಟರಲ್ಲಿ. ಈಗ ಅದರ ಜಾಗದಲ್ಲಿ ಏನು ಹಾಕಿದ್ದೀನಿ, ಜೇನು ಮೇಣ ಮೆತ್ತದ ಹಂಗೆ ಡಬ್ಬಿ ಹೆಂಗೆ ಮುಚ್ಚಿದ್ದೀನಿ, ಅವೆರಡು ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ.

220 ಮಿಲಿಆಂಪ್ ಅವರ್ ಸೆಲ್ಲು, ಕಾಗದದ ಮೇಲೆ ನಾಲ್ಕು ವರ್ಷ ದಾಟುತ್ತೆ, ಅಷ್ಟು ನಾನೂ ನಂಬಲ್ಲ. ಮೊನ್ನೆ ಡೇಟಾ ತೆಗೆಯುವಾಗ 2.9 ವೋಲ್ಟ್ ಇತ್ತು. ಭಾವ ತಮ್ಮ ಪೆಟ್ಟಿಗೆಗೂ ಮೂರು ಮಾಡ್ಕೊಡು ಅಂದಿದ್ದಾರೆ, ಸೆಲ್ ಮಾತ್ರ ದೊಡ್ದು ಹಾಕು ಅಂತ.