ಮಳೆಯಿಂದ ಶುರು ಮಾಡಿ, 40 ಲಕ್ಷದ ಮಾತಿಗೆ ಬನ್ನಿ: ಪಿಚ್ ಜೋಡಿಸುವ ಬಗೆ

ಮೊನ್ನೆ ವಿಜಯಪುರದ ಇಬ್ಬರು ಹುಡುಗರು ಹೂಡಿಕೆದಾರರ ಮುಂದೆ ಹಣ ಕೇಳೋಕೆ ಮಾಡಿದ ಸ್ಲೈಡುಗಳನ್ನು, ಅಂದರೆ ತಮ್ಮ ಪಿಚ್ಚನ್ನು, ತಂದು ತೋರಿಸಿದರು. ಮಣೂಕ ಅಂದರೆ ಒಣದ್ರಾಕ್ಷಿ, ಅದನ್ನು ಒಣಗಿಸುವ ಶೆಡ್ಡಿಗೆ ಹಾಕುವ ಒಂದು ಪೆಟ್ಟಿಗೆ ಮಾಡಿದ್ದಾರೆ. ಗಾಳಿಯಲ್ಲಿ ತೇವ ಏರಿದ ಕೂಡಲೇ ಮೋಟಾರು ತಿರುಗಿ ಶೆಡ್ಡಿನ ಪಕ್ಕದ ಪರದೆ ತಾನೇ ಇಳಿಯುತ್ತದೆ. ಕೆಲಸ ಬಹಳ ಚೆನ್ನಾಗಿದೆ. ಆದರೆ ಮೊದಲ ಸ್ಲೈಡಿನಲ್ಲಿ ದೇಶದ ಕೃಷಿ ಮಾರುಕಟ್ಟೆ ಎಷ್ಟು ಲಕ್ಷ ಕೋಟಿ ಅಂತ ಇತ್ತು, ಎರಡನೆಯದರಲ್ಲಿ ಮೊಬೈಲ್ ಆ್ಯಪ್, ಆಮೇಲೆ ತಂಡದ ಫೋಟೋ. ರೈತ ಬಂದಿದ್ದು ಒಂಬತ್ತನೇ ಸ್ಲೈಡಿಗೆ! ಅಷ್ಟೊತ್ತಿಗೆ ಕೇಳುವವರ ಗಮನ ಎಲ್ಲೋ ಹೋಗಿರುತ್ತದೆ.

ಪಿಚ್ ಜೋಡಿಸೋಕೆ ನಾನು ನಂಬಿರೋದು ಒಂದೇ ಸೂತ್ರ. ಪ್ರತಿ ಸ್ಲೈಡು ಕೇಳುವವರ ತಲೆಯಲ್ಲಿ ಒಂದು ಪ್ರಶ್ನೆ ಎಬ್ಬಿಸಬೇಕು, ಮುಂದಿನ ಸ್ಲೈಡು ಅದಕ್ಕೇ ಉತ್ತರ ಕೊಡಬೇಕು.

ಹಾಗಾಗಿ ಶುರು ಮಾಡಬೇಕಾದ್ದು ಸಮಸ್ಯೆಯಿಂದ, ಅದೂ ಒಬ್ಬ ರೈತನ ಒಂದು ರಾತ್ರಿಯಿಂದ. ತಿಕೋಟಾ ಕಡೆಯ ರೈತರೊಬ್ಬರು ಈ ಹುಡುಗರಿಗೆ ಹೇಳಿದ್ದು ಇಷ್ಟೇ: 'ರಾತ್ರಿ ಮಳಿ ಬಂತ್ರಿ, ಎದ್ದು ಹೋಗೂದ್ರಾಗ ಎಲ್ಲಾ ತೊಯ್ದಿತ್ತು.' ಆ ಮಾತನ್ನೇ ಮೊದಲ ಸ್ಲೈಡಿಗೆ ಹಾಕಿಸಿದೆ. ಕೆಳಗೆ ಒಂದು ಸಣ್ಣ ಲೆಕ್ಕ. ಎಕರೆಗೆ 10 ಟನ್ ಹಸಿ ದ್ರಾಕ್ಷಿ ಅಂದುಕೊಳ್ಳಿ, ಸುಮಾರು ನಾಲ್ಕು ಕಿಲೋಗೆ ಒಂದು ಕಿಲೋ ಮಣೂಕ ಆಗುತ್ತದೆ, ಅಂದರೆ 2,500 ಕಿಲೋ. ತೊಯ್ದು ಕಪ್ಪಾದ ಮಾಲಿಗೆ ಕಿಲೋ ಮೇಲೆ 50 ರೂಪಾಯಿ ಕಮ್ಮಿ ಸಿಕ್ಕರೂ 1,25,000 ರೂಪಾಯಿ ಹೋಯಿತು. ಇಷ್ಟು ಸಾಕು.

ಇದನ್ನು ನೋಡಿದವರು ತಕ್ಷಣ ಕೇಳೋದು, ಈಗ ರೈತರು ಏನು ಮಾಡ್ತಾರೆ ಅಂತ. ತಾಡಪಾಲು ಇಟ್ಟುಕೊಂಡು ಕಾಯುತ್ತಾರೆ, ಮೋಡ ಕಂಡರೆ ಆಳುಗಳಿಗೆ ಫೋನ್ ಮಾಡುತ್ತಾರೆ, ರಾತ್ರಿಯಾದರೆ ಯಾರೂ ಸಿಗೋದಿಲ್ಲ. ಪೈಪೋಟಿ ಯಾರು ಅನ್ನೋದಕ್ಕೂ ಉತ್ತರ ಇಲ್ಲೇ ಇದೆ, ಇವರ ನಿಜವಾದ ಪ್ರತಿಸ್ಪರ್ಧಿ ಆ ತಾಡಪಾಲು. 'ನಮಗೆ ಪೈಪೋಟಿಯೇ ಇಲ್ಲ' ಅಂತ ಮಾತ್ರ ಬರೆಯಬೇಡಿ.

ಪೆಟ್ಟಿಗೆ ತೋರಿಸಬೇಕಾದ್ದು ಇದಾದ ಮೇಲೆ. ಒಳಗಿನ ಸರ್ಕೀಟಿನ ಚಿತ್ರ ಬೇಡ. ಪರದೆ ಇಳಿಯುವ ವಿಡಿಯೊ ಅರ್ಧ ನಿಮಿಷ ಸಾಕು.

ಅದರ ಬೆನ್ನಿಗೇ ಪುರಾವೆ ಬರಬೇಕು. ಹೆಚ್ಚಿನವರು ಎಡವೋದು ಇಲ್ಲೇ. ಹುಡುಗರು '12 ರೈತರಿಗೆ ಇಷ್ಟವಾಯಿತು' ಅಂತ ಬರೆದಿದ್ದರು. ಪುಕ್ಕಟೆ ಕೊಟ್ಟರೆ ಯಾರಿಗೆ ಇಷ್ಟ ಆಗಲ್ಲ ಹೇಳಿ? ರೊಕ್ಕ ಯಾರಾದರೂ ಕೊಟ್ಟಿದ್ದಾರಾ ಅಂತ ಕೆದಕಿದಾಗ, ಮುಂದಿನ ಸೀಸನ್ನಿಗೆ ಐವರು ತಲಾ 2,000 ರೂಪಾಯಿ ಮುಂಗಡ ಕೊಟ್ಟಿದ್ದು ಹೊರಗೆ ಬಂತು. ಹನ್ನೆರಡಕ್ಕಿಂತ ಆ ಐದರ ತೂಕ ಜಾಸ್ತಿ, ಅದನ್ನೇ ದೊಡ್ಡಕ್ಷರದಲ್ಲಿ ಹಾಕಿಸಿದೆ. ಇನ್ನೂ ಯಾರೂ ದುಡ್ಡು ಕೊಟ್ಟಿಲ್ಲ ಅಂದರೆ ಅದನ್ನೂ ಇದ್ದ ಹಾಗೆ ಹೇಳಿ.

ಮುಂದಿನದು ದುಡಿಮೆಯ ಲೆಕ್ಕ. ಒಂದು ಪೆಟ್ಟಿಗೆಗೆ ಖರ್ಚು 11,000, ಮಾರೋದು 18,000. ಮಾರುಕಟ್ಟೆಯ ಮಾತು ಬರಬೇಕಾದ್ದು ಈಗ, ಅದೂ ಕೆಳಗಿನಿಂದ ಮೇಲಕ್ಕೆ: ತಿಕೋಟಾ, ಬಬಲೇಶ್ವರ ಕಡೆ ನೀವೇ ಓಡಾಡಿ ಎಷ್ಟು ಶೆಡ್ ಎಣಿಸಿದಿರಿ, ಅದಕ್ಕೆ 18,000 ಗುಣಿಸಿದರೆ ಎಷ್ಟು. ತಂಡದ ಸ್ಲೈಡು ಇದಾದ ಮೇಲೆ, ಒಬ್ಬೊಬ್ಬರಿಗೆ ಒಂದೇ ಸಾಲು, ಈ ಕೆಲಸಕ್ಕೆ ಇವರೇ ಯಾಕೆ ಅನ್ನೋದಷ್ಟು.

ಕೊನೆಗೆ ಹಣ ಕೇಳುವ ಸ್ಲೈಡು. ಹೇಳೋದು ಕೊನೆಗೆ, ಆದರೆ ಬರೆಯೋದು ಎಲ್ಲಕ್ಕಿಂತ ಮೊದಲು. ಹುಡುಗರು '50 ಲಕ್ಷ, 18 ತಿಂಗಳು' ಅಂತ ಸುಮ್ನೆ ಹಾಕಿದ್ದರು. ಕೂತು ಲೆಕ್ಕ ಹಾಕಿದೆವು. ಮೂವರ ಸಂಬಳ ತಿಂಗಳಿಗೆ ತಲಾ 40,000ದಂತೆ 18 ತಿಂಗಳಿಗೆ 21.6 ಲಕ್ಷ. ಮೊದಲ ಸೀಸನ್ನಿನ 80 ಪೆಟ್ಟಿಗೆಗೆ 8.8 ಲಕ್ಷ. ಮೋಟಾರಿನ ಪರೀಕ್ಷೆ, ರಿಪೇರಿಗೆ 4 ಲಕ್ಷ. ಕೈಯಲ್ಲಿ ಇಟ್ಟುಕೊಳ್ಳೋಕೆ 5.6 ಲಕ್ಷ. ಒಟ್ಟು 40 ಲಕ್ಷ. ಆ 80 ಪೆಟ್ಟಿಗೆ ಮಾರಿ ಬರುವ 14.4 ಲಕ್ಷದಲ್ಲಿ ಎರಡನೇ ಸೀಸನ್ನಿಗೆ 130 ಪೆಟ್ಟಿಗೆ ಮಾಡಬಹುದು, ಅದಕ್ಕೆ ಬೇರೆ ಹಣ ಕೇಳಬೇಕಾಗಿಲ್ಲ.

ಇನ್ನೊಂದು ವಿಷಯ ಅವರಿಗೆ ಹೊಳೆದೇ ಇರಲಿಲ್ಲ. ಮಣೂಕ ಒಣಗಿಸೋದು ಹೆಚ್ಚಾಗಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಹಣ ನವೆಂಬರ್ ಮೊದಲಲ್ಲಿ ಬಂದರೆ 18 ತಿಂಗಳಲ್ಲಿ ಎರಡು ಸೀಸನ್ ಸಿಗುತ್ತವೆ, ಮೇನಲ್ಲಿ ಬಂದರೆ ಒಂದೇ. ಅದಕ್ಕೇ ಹಣ ಯಾವ ತಿಂಗಳಿಗೆ ಬೇಕು ಅಂತ ಆ ಸ್ಲೈಡಿನಲ್ಲೇ ಬರೆಸಿದೆ. ಹಣ ಹಾಕಿದವರಿಗೆ ಕಂಪನಿಯಲ್ಲಿ ಎಷ್ಟು ಪಾಲು ಕೊಡ್ತೀವಿ ಅನ್ನೋದನ್ನು ತೆಗೆಸಿದೆ, ಅದು ಆಮೇಲೆ ಕೂತು ಮಾತಾಡುವ ವಿಷಯ.

ಕ್ರಮ ಸರಿ ಇದೆಯಾ ಅಂತ ನೋಡೋಕೆ, ವಿಷಯ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ ಪಿಚ್ ಹೇಳಿ. ಮಧ್ಯೆ ಅವರು ಪ್ರಶ್ನೆ ಕೇಳಿದಾಗ 'ಅದು ಮುಂದೆ ಬರುತ್ತೆ' ಅಂದಿರಾ? ಹಾಗಾದರೆ ಆ ಸ್ಲೈಡನ್ನು ಎತ್ತಿ ಇಲ್ಲಿಗೇ ತನ್ನಿ. ಹುಡುಗರು ತಮ್ಮ ಸೋದರಮಾವನ ಮುಂದೆ ಹೇಳಿದಾಗ ಅವರು ವಿಡಿಯೊದ ಹತ್ತಿರವೇ ತಡೆದು ಕೇಳಿದರಂತೆ: 'ಕರೆಂಟ್ ಹೋದ್ರ ಪರದೆ ಹೆಂಗ ಇಳೀತದ?' ಬ್ಯಾಟರಿಯ ಸಾಲು ಹನ್ನೊಂದನೇ ಸ್ಲೈಡಿನಲ್ಲಿತ್ತು. ಈಗ ಅದು ವಿಡಿಯೊದ ಪಕ್ಕದಲ್ಲೇ ಇದೆ.