ಪೇಪರ್ ಟ್ರೇಡಿಂಗ್‌ನಲ್ಲಿ ಬಂದ 300 ರೂಪಾಯಿ, ಕೈಗೆ ಎಷ್ಟು?

ಶೇರು ಪೇಟೆ ಕಲಿಯಬೇಕು, ಆದರೆ ಮನೆ ದುಡ್ಡು ಹಾಕುವ ಧೈರ್ಯ ಇಲ್ಲ ಎನ್ನುವವರಿಗೆ ಪೇಪರ್ ಟ್ರೇಡಿಂಗ್ ಇದೆ. ಸುಳ್ಳು ದುಡ್ಡು, ನಿಜವಾದ ಶೇರಿನ ಬೆಲೆ. ಇದರಲ್ಲಿ ಗುಂಡಿ ಒತ್ತುವುದನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ಆ್ಯಪ್ ತೋರಿಸುವ ಲಾಭ ಎಷ್ಟು ನಿಜ ಎಂದು ತಿಳಿಯುವುದಕ್ಕೇ ಸಮಯ ಬೇಕು.

ಮೊದಲು ಆ್ಯಪ್ ಆರಿಸಿಕೊಳ್ಳಿ. TradingView ನಲ್ಲಿ ಉಚಿತ ಖಾತೆ ತೆರೆದು, ಚಾರ್ಟ್‌ನ ಟ್ರೇಡಿಂಗ್ ಪ್ಯಾನೆಲ್‌ನಲ್ಲಿ Paper Trading ಆರಿಸಿ Connect ಒತ್ತಿದರೆ ಸಾಕು. ಪ್ಯಾನ್, ಬ್ಯಾಂಕ್ ಖಾತೆ ಯಾವುದೂ ಬೇಡ. ಪ್ರವೇಶ ಶುಲ್ಕ ಕೇಳುವ, ಗೆದ್ದವರಿಗೆ ಬಹುಮಾನ ಕೊಡುವ ಆ್ಯಪ್ ಆದರೆ ದೂರ ಇರಿ. ಇಂಥ ಅನಧಿಕೃತ ವೇದಿಕೆಗಳ ಬಗ್ಗೆ ಶೇರು ಪೇಟೆಯ ನಿಯಂತ್ರಕ ಸೆಬಿ 2024ರಲ್ಲೇ ಎಚ್ಚರಿಸಿದೆ. ವಾಟ್ಸ್ಯಾಪ್ ಗುಂಪಿನಲ್ಲಿ ಲಿಂಕ್ ಬಂದ ಆ್ಯಪ್ ಅಂತೂ ಬೇಡವೇ ಬೇಡ.

ಪೇಟೆ ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ ತೆರೆದಿರುತ್ತದೆ. ಆ ಹೊತ್ತಿನಲ್ಲಿ ಆ್ಯಪ್‌ನ ಬೆಲೆಯನ್ನು ಶೇರು ವಿನಿಮಯ ಕೇಂದ್ರ ಎನ್‌ಎಸ್‌ಇ ಜಾಲತಾಣದ ಬೆಲೆಯ ಜೊತೆ ಹೋಲಿಸಿ ನೋಡಿ. ಕೆಲವು ಕಡೆ ಬೆಲೆ ತಡವಾಗಿ ಬರುತ್ತದೆ. ಹಾಗಿದ್ದರೆ ಅದರಲ್ಲಿ ದಿನದ ವ್ಯಾಪಾರ ಕಲಿಯಲು ಹೋಗಬೇಡಿ, ನಾಲ್ಕಾರು ವಾರ ಶೇರು ಇಟ್ಟುಕೊಳ್ಳುವುದನ್ನಷ್ಟೇ ಕಲಿಯಿರಿ.

ಈಗ ಒಂದು ನೋಟ್‌ಬುಕ್ ತೆಗೆಯಿರಿ. ಆ್ಯಪ್ ಲಕ್ಷಗಟ್ಟಲೆ ಸುಳ್ಳು ದುಡ್ಡು ಕೊಟ್ಟಿರುತ್ತದೆ, ಅದನ್ನು ಮರೆತುಬಿಡಿ. ನಿಜಕ್ಕೂ ಹಾಕಬಲ್ಲ ಮೊತ್ತ 25,000 ಆದರೆ ಅಷ್ಟನ್ನೇ ಮೊದಲ ಪುಟದಲ್ಲಿ ಬರೆದು, ಅದರೊಳಗೇ ಆಟ ಆಡಿ.

ಒಂದು ವ್ಯಾಪಾರ ಮಾಡೋಣ. 200 ರೂಪಾಯಿಯ 50 ಶೇರು ಕೊಂಡಿರಿ, 10,000 ಆಯಿತು. ಕೆಲವು ದಿನ ಬಿಟ್ಟು 206ಕ್ಕೆ ಮಾರಿದಿರಿ. ಆ್ಯಪ್ 300 ರೂಪಾಯಿ ಲಾಭ ತೋರಿಸುತ್ತದೆ. ಆದರೆ 200 ಎಂಬುದು ಕೊನೆಯದಾಗಿ ಕೈ ಬದಲಾದ ಶೇರಿನ ಬೆಲೆ. ಅದೇ ಬೆಲೆಗೆ ನಿಮಗೆ ಕೊಡಲು ಯಾರಾದರೂ ಕಾದಿರುತ್ತಾರೆ ಎಂದೇನಿಲ್ಲ. ಶಿರಸಿ ಮಾರುಕಟ್ಟೆಯ ಚಾಲಿ ಅಡಿಕೆಯ ಗರಿಷ್ಠ ದರ ಪೇಪರಿನಲ್ಲಿ ಬಂದರೂ ನಮ್ಮ ಲಾಟಿಗೆ ಟೆಂಡರಿನಲ್ಲಿ ಅದೇ ಬೀಳುವುದಿಲ್ಲ, ಅಲ್ವಾ? ನಿಜವಾದ ಪೇಟೆಯಲ್ಲಿ ಮಾರುವವರ ಸಾಲಿನಲ್ಲಿ 200.20ಕ್ಕೆ 30 ಶೇರು, 200.70ಕ್ಕೆ ಉಳಿದ 20 ಇರಬಹುದು. ಅಲ್ಲೇ 20 ರೂಪಾಯಿ ಜಾಸ್ತಿ ಹೋಯಿತು. ಮಾರುವಾಗಲೂ ಹೀಗೇ ಆದರೆ ಒಟ್ಟು 40.

ಇನ್ನು ಖರ್ಚು. ಅದೇ ದಿನ ಮಾರದೆ ಶೇರು ಇಟ್ಟುಕೊಳ್ಳುವ ಡೆಲಿವರಿ ವ್ಯವಹಾರಕ್ಕೆ ಎಸ್‌ಟಿಟಿ ಎಂಬ ವಹಿವಾಟು ತೆರಿಗೆ ಕೊಳ್ಳುವಾಗ 0.1%, ಮಾರುವಾಗ 0.1%. ಇಲ್ಲಿ ಸುಮಾರು 20 ರೂಪಾಯಿ. ಕೊಂಡದ್ದಕ್ಕೆ ಸ್ಟ್ಯಾಂಪ್ ಡ್ಯೂಟಿ, ವಿನಿಮಯ ಕೇಂದ್ರದ ಶುಲ್ಕ ಸೇರಿ ಮೂರರ ಆಸುಪಾಸು. ಮಾರುವಾಗ, ಶೇರು ಇಡುವ ಡಿಮ್ಯಾಟ್ ಖಾತೆಯಿಂದ ಅದನ್ನು ಹೊರಗೆ ಕಳಿಸುವುದಕ್ಕೆ ಹಾಕುವ ಡಿಪಿ ಶುಲ್ಕ 15 ಎಂದಿಟ್ಟುಕೊಳ್ಳಿ. ಬ್ರೋಕರೇಜ್ ಒಂದು ಆರ್ಡರಿಗೆ 20 ಆದರೆ ಎರಡಕ್ಕೆ 40, ಜಿಎಸ್‌ಟಿ ಸೇರಿ 47. ಎಲ್ಲ ಕೂಡಿದರೆ 85, ಮೇಲಿನ 40 ಸೇರಿದರೆ 125. ಉಳಿದದ್ದು 175. ಡೆಲಿವರಿಗೆ ಬ್ರೋಕರೇಜ್ ಹಾಕದ ಬ್ರೋಕರ್‌ಗಳೂ ಇದ್ದಾರೆ, ಅಲ್ಲಿ 47 ಉಳಿಯುತ್ತದೆ. ಲಾಭದ ಮೇಲಿನ ತೆರಿಗೆ ಲೆಕ್ಕ ಬೇರೆಯೇ.

ಪ್ರತಿ ವ್ಯಾಪಾರಕ್ಕೂ ಹೀಗೆ ಎರಡು ಕಾಲಂ ಬರೆಯಿರಿ: ಆ್ಯಪ್ ಹೇಳಿದ್ದು, ಕಳೆದು ಉಳಿದದ್ದು. ಪಕ್ಕದಲ್ಲಿ ಯಾಕೆ ಕೊಂಡಿರಿ ಎಂದು ಒಂದು ಸಾಲು. ಅದನ್ನು ಕೊಳ್ಳುವ ಮೊದಲೇ ಬರೆಯಬೇಕು, ಆಮೇಲೆ ಬರೆದರೆ ಮನಸ್ಸು ಸುಮ್ನೆ ಕಥೆ ಕಟ್ಟುತ್ತದೆ.

ದಿನಕ್ಕೆ ಕೆಲವೇ ಸಾವಿರ ಶೇರು ಓಡಾಡುವ ಸಣ್ಣ ಕಂಪನಿಗಳಲ್ಲಿ ಈ ಅಂತರ ಇನ್ನೂ ದೊಡ್ಡದು. ಅಂಥ ಶೇರು ಒಂದು ದಿನದಲ್ಲಿ ಇಳಿಯಬಹುದಾದ ಕೊನೆಯ ಮಿತಿಯಾದ ಲೋವರ್ ಸರ್ಕ್ಯೂಟ್ ಮುಟ್ಟಿದ ದಿನ ಕೊಳ್ಳುವವರೇ ಇರುವುದಿಲ್ಲ. ನಿಜವಾದ ಆರ್ಡರ್ ಸಾಲಿನಲ್ಲಿ ನಿಂತೇ ಇರುತ್ತದೆ. ಪೇಪರ್ ಆ್ಯಪ್ ಮಾತ್ರ ಮಾರಿದೆ ಎಂದು ತೋರಿಸಿಬಿಡಬಹುದು. ಇಷ್ಟೇ ಬೆಲೆಗೆ ಬೇಕು ಎಂದು ಹಾಕುವ ಲಿಮಿಟ್ ಆರ್ಡರ್‌ನಲ್ಲೂ ಇದೇ ಕಥೆ. ಬೆಲೆ ನಿಮ್ಮ ಅಂಕಿಯನ್ನು ಮುಟ್ಟಿದ ತಕ್ಷಣ ಆ್ಯಪ್ ಶೇರು ಕೊಡಬಹುದು. ನಿಜದಲ್ಲಿ ನಿಮಗಿಂತ ಮೊದಲು ಅದೇ ಬೆಲೆಗೆ ನಿಂತವರಿಗೆ ಸಿಕ್ಕಿ ಮುಗಿಯಬೇಕು. ಹಾಗಾಗಿ ಬೆಲೆ ನಿಮ್ಮ ಅಂಕಿಯನ್ನು ದಾಟಿ ಕೆಳಗೆ ಹೋದರೆ ಮಾತ್ರ ನೋಟ್‌ಬುಕ್ಕಿನಲ್ಲಿ ಸಿಕ್ಕಿತು ಎಂದು ಬರೆಯಿರಿ.

ಎರಡನೇ ಕಾಲಂ ಕೆಲವು ತಿಂಗಳು ಲಾಭದಲ್ಲೇ ನಿಂತರೆ ಡಿಮ್ಯಾಟ್ ಖಾತೆ ತೆರೆದು ಒಂದೇ ಒಂದು ಶೇರು ಕೊಳ್ಳಿ, ಅದೇ ನಿಮಿಷ ಪೇಪರ್ ಆ್ಯಪ್‌ನಲ್ಲೂ ಕೊಳ್ಳಿ. ಬ್ರೋಕರ್ ಇಮೇಲ್‌ಗೆ ಕಳಿಸುವ ಕಾಂಟ್ರ್ಯಾಕ್ಟ್ ನೋಟ್‌ನಲ್ಲಿ ನಿಜವಾದ ಬೆಲೆ, ಎಸ್‌ಟಿಟಿ, ಬ್ರೋಕರೇಜ್ ಎಲ್ಲ ಇರುತ್ತದೆ. ಅದನ್ನು ನೋಟ್‌ಬುಕ್ಕಿನ ಜೊತೆ ಹೋಲಿಸಿ. ಡಿಪಿ ಶುಲ್ಕ ಮಾತ್ರ ಸಾಮಾನ್ಯವಾಗಿ ಅದರಲ್ಲಿ ಕಾಣುವುದಿಲ್ಲ, ಮಾರಿದ ಮೇಲೆ ಬ್ರೋಕರ್ ಆ್ಯಪ್‌ನ ಲೆಡ್ಜರ್ ತೆರೆದು ನೋಡಬೇಕು.